ಕಣದ ಮೇಲೆ, ಸೀರಮ್ಮಿನ ಒಳಗೆ: ಎರಡು ಕೂಂಬ್ಸ್ ಪರೀಕ್ಷೆಗಳು

ಆಂಟಿಗ್ಲಾಬ್ಯುಲಿನ್ ಪರೀಕ್ಷೆಗಳು ಎರಡು. ಎರಡರಲ್ಲೂ ಕೊನೆಗೆ ಹಾಕುವ ದ್ರಾವಣ ಒಂದೇ, ಕೇಳುವ ಪ್ರಶ್ನೆ ಮಾತ್ರ ಬೇರೆ. ರೋಗಿಯ ಮೈಯೊಳಗಿರುವಾಗಲೇ ಕೆಂಪು ರಕ್ತಕಣಗಳಿಗೆ ಪ್ರತಿಕಾಯವೋ ಕಾಂಪ್ಲಿಮೆಂಟ್ ಪ್ರೋಟೀನೋ ಅಂಟಿಕೊಂಡಿದೆಯೇ ಎಂದು ನೇರ ಪರೀಕ್ಷೆ ನೋಡುತ್ತದೆ. ಸೀರಮ್ಮಿನಲ್ಲಿ ಬಿಡಿಯಾಗಿ ತೇಲುತ್ತಿರುವ ಪ್ರತಿಕಾಯ ಬೇರೊಬ್ಬರ ಕಣಗಳಿಗೆ ಅಂಟಬಲ್ಲದೇ ಎಂದು ಪರೋಕ್ಷ ಪರೀಕ್ಷೆ ನೋಡುತ್ತದೆ. ಮೊದಲನೆಯದನ್ನು ರಕ್ತನಿಧಿಗಳಲ್ಲಿ ಡಿಸಿಟಿ ಎಂದೂ ಎರಡನೆಯದನ್ನು ಐಸಿಟಿ ಎಂದೂ ಕರೆಯುತ್ತಾರೆ. ಮೊದಲನೆಯದರಲ್ಲಿ ಪರೀಕ್ಷೆಯ ವಸ್ತು ರೋಗಿಯ ಕಣ, ಎರಡನೆಯದರಲ್ಲಿ ರೋಗಿಯ ಸೀರಮ್. ಇಷ್ಟು ಗಟ್ಟಿಯಾಗಿ ಹಿಡಿದುಕೊಂಡರೆ ವರದಿಗಳನ್ನು ಓದುವಾಗ ಆಗುವ ಗೊಂದಲದಲ್ಲಿ ಅರ್ಧ ಕಳೆಯುತ್ತದೆ.

ಇಂಥ ಪರೀಕ್ಷೆ ಬೇಕಾದದ್ದು ಐಜಿಜಿ ಪ್ರತಿಕಾಯದ ಗಾತ್ರದಿಂದಾಗಿ. ಕೆಂಪು ಕಣಗಳ ಮೈಮೇಲೆ ಋಣ ವಿದ್ಯುದಂಶವಿರುವುದರಿಂದ ಸಲೈನಿನಲ್ಲಿ ಅವು ಒಂದನ್ನೊಂದು ದೂರವೇ ಇಡುತ್ತವೆ. ಐಜಿಎಂ ಪ್ರತಿಕಾಯ ದೊಡ್ಡದು, ಆ ಅಂತರವನ್ನು ದಾಟಿ ಎರಡು ಕಣಗಳನ್ನು ಹಿಡಿದು ಗುಂಪುಗಟ್ಟಿಸುತ್ತದೆ. ಐಜಿಜಿ ಚಿಕ್ಕದು. ಆರ್‌ಎಚ್ ಗುಂಪಿನ ಡಿ ಪ್ರತಿಜನಕಕ್ಕೆ ಅದು ಅಂಟಿದರೂ ಪಕ್ಕದ ಕಣ ಅದಕ್ಕೆ ಎಟುಕುವುದಿಲ್ಲ. ಕೊಳವೆಯಲ್ಲಿ ಏನೂ ಕಾಣದು, ಆದರೆ ಮೈಯೊಳಗೆ ಅದೇ ಕಣವನ್ನು ಗುಲ್ಮ ಹಿಡಿದು ನಾಶಮಾಡುತ್ತದೆ. 1945ರಲ್ಲಿ ಕೇಂಬ್ರಿಡ್ಜಿನ ರಾಬಿನ್ ಕೂಂಬ್ಸ್, ಆರ್ಥರ್ ಮೌರಂಟ್ ಮತ್ತು ರಾಬರ್ಟ್ ರೇಸ್ ಇದಕ್ಕೆ ದಾರಿ ಕಂಡುಕೊಂಡರು. ಮನುಷ್ಯರ ಗ್ಲಾಬ್ಯುಲಿನ್ನನ್ನು ಮೊಲಕ್ಕೆ ಚುಚ್ಚಿ, ಅದರ ವಿರುದ್ಧ ಮೊಲದಲ್ಲಿ ಹುಟ್ಟಿದ ಪ್ರತಿಕಾಯವನ್ನೇ ಎರಡು ಐಜಿಜಿಗಳ ನಡುವೆ ಸೇತುವೆಯಾಗಿ ಬಳಸಿದರು. ಇಟಲಿಯ ಕಾರ್ಲೊ ಮೊರೆಸ್ಕಿ 1908ರಲ್ಲೇ ಇದೇ ತತ್ತ್ವವನ್ನು ತೋರಿಸಿದ್ದ, ಆದರೆ ಯಾರೂ ಅದನ್ನು ಬಳಕೆಗೆ ತಂದಿರಲಿಲ್ಲ.

ನೇರ ಪರೀಕ್ಷೆಯ ವಿಧಾನ ಚಿಕ್ಕದು. ಇಡಿಟಿಎ ಹಾಕಿದ ಕೊಳವೆಯಲ್ಲಿ ರಕ್ತ ತೆಗೆದು, ಕಣಗಳನ್ನು ಸಲೈನಿನಲ್ಲಿ ಮೂರು ನಾಲ್ಕು ಬಾರಿ ತೊಳೆದು, ಆಂಟಿಗ್ಲಾಬ್ಯುಲಿನ್ ಸೇರಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಕೊಳವೆಯನ್ನು ಮೆಲ್ಲನೆ ಅಲುಗಿಸುತ್ತ ಓದುತ್ತಾರೆ. ಕಣಗಳು ಬಿಡಿಬಿಡಿಯಾಗಿ ಹರಡಿದರೆ ನೆಗೆಟಿವ್, ಗಟ್ಟಿ ಗುಂಡಿಯಾಗಿ ಎದ್ದರೆ ನಾಲ್ಕು ಪ್ಲಸ್. ಇಡಿಟಿಎಗೆ ಇಲ್ಲಿ ಕಾರಣವಿದೆ. ಹೆಪ್ಪುಗಟ್ಟಿದ ಮಾದರಿ ಫ್ರಿಜ್ಜಿನಲ್ಲಿ ಕೂತರೆ, ಬಹುಪಾಲು ಜನರಲ್ಲಿರುವ ನಿರುಪದ್ರವಿ ಶೀತ ಪ್ರತಿಕಾಯಗಳು ಕಣದ ಮೇಲೆ ಕಾಂಪ್ಲಿಮೆಂಟನ್ನು ಕೂರಿಸಿಬಿಡುತ್ತವೆ. ಕೊಳವೆಯಲ್ಲಿ ಆದದ್ದು ಮೈಯಲ್ಲಿ ಆದದ್ದರಂತೆ ತೋರುತ್ತದೆ. ಇಡಿಟಿಎ ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟು ಇದನ್ನು ತಡೆಯುತ್ತದೆ.

ಪರೋಕ್ಷ ಪರೀಕ್ಷೆಯಲ್ಲಿ ಇದರ ಮುಂದೆ ಇನ್ನೊಂದು ಹಂತ ಸೇರುತ್ತದೆ. ರೋಗಿಯ ಎರಡು ಹನಿ ಸೀರಮ್ಮಿಗೆ ಪ್ರತಿಜನಕಗಳು ಗೊತ್ತಿರುವ ಓ ಗುಂಪಿನ ಕಣಗಳ ಒಂದು ಹನಿ ಸೇರಿಸಿ 37 ಡಿಗ್ರಿಯಲ್ಲಿ ಇಡುತ್ತಾರೆ. ಬರಿಯ ಸಲೈನಾದರೆ ಅರ್ಧದಿಂದ ಒಂದು ಗಂಟೆ, ಲಿಸ್ ದ್ರಾವಣವಾದರೆ ಹದಿನೈದು ನಿಮಿಷದ ಆಸುಪಾಸು. ಆ ಹೊತ್ತಿನಲ್ಲಿ ಪ್ರತಿಕಾಯವಿದ್ದರೆ ಕಣಕ್ಕೆ ಅಂಟುತ್ತದೆ. ಮುಂದಿನದೆಲ್ಲ ನೇರ ಪರೀಕ್ಷೆಯಂತೆಯೇ. ಗರ್ಭಿಣಿಯರ ತಪಾಸಣೆ, ರಕ್ತ ಕೊಡುವ ಮುಂಚಿನ ಪ್ರತಿಕಾಯ ಪರೀಕ್ಷೆ, ಕ್ರಾಸ್‌ಮ್ಯಾಚಿನ ಕೊನೆಯ ಹಂತ ಎಲ್ಲವೂ ಇದೇ.

ಈ ವಿಧಾನದ ದೊಡ್ಡ ದೌರ್ಬಲ್ಯ ತೊಳೆಯುವ ಹಂತದಲ್ಲಿದೆ. ಸೀರಮ್ಮಿನಲ್ಲಿ ಕಣಕ್ಕೆ ಅಂಟದೆ ಉಳಿದ ಐಜಿಜಿ ಧಾರಾಳವಾಗಿರುತ್ತದೆ. ಅದರಲ್ಲಿ ಸ್ವಲ್ಪವೇ ಉಳಿದರೂ ಆಂಟಿಗ್ಲಾಬ್ಯುಲಿನ್ ಮೊದಲು ಅದಕ್ಕೇ ಅಂಟಿ ಖರ್ಚಾಗಿಬಿಡುತ್ತದೆ, ಕಣಗಳ ಮೇಲಿನದಕ್ಕೆ ಏನೂ ಮಿಗುವುದಿಲ್ಲ. ಪ್ರತಿ ಬಾರಿ 4 ಮಿಲಿ ಸಲೈನ್ ತುಂಬಿ 0.1 ಮಿಲಿ ಮಾತ್ರ ಉಳಿಯುವಂತೆ ಬಗ್ಗಿಸಿದರೆ ಪ್ರತಿ ತೊಳೆತಕ್ಕೂ ಸೀರಮ್ ಸುಮಾರು 40 ಪಟ್ಟು ತೆಳುವಾಗುತ್ತದೆ, ಮೂರು ತೊಳೆತಕ್ಕೆ 64,000 ಪಟ್ಟು. ಅವಸರದಲ್ಲಿ 2 ಮಿಲಿ ತುಂಬಿ 0.4 ಮಿಲಿ ಉಳಿಸಿದರೆ ಮೂರು ಬಾರಿ ತೊಳೆದರೂ ಆಗುವುದು 125 ಪಟ್ಟು ಮಾತ್ರ. ಎರಡು ಕಡೆಯೂ ಪುಸ್ತಕದಲ್ಲಿ ಬರೆದುಕೊಳ್ಳುವುದು ‘ಮೂರು ಬಾರಿ ತೊಳೆಯಲಾಗಿದೆ’ ಎಂದೇ.

ಇದನ್ನು ಹಿಡಿಯಲೆಂದೇ ನೆಗೆಟಿವ್ ಬಂದ ಪ್ರತಿ ಕೊಳವೆಗೂ ಐಜಿಜಿ ಅಂಟಿಸಿಟ್ಟ ಕಣಗಳನ್ನು, ಅಂದರೆ ಚೆಕ್ ಸೆಲ್ಲುಗಳನ್ನು, ಹಾಕುತ್ತಾರೆ. ಅವು ಗುಂಪುಗಟ್ಟಿದರೆ ಆಂಟಿಗ್ಲಾಬ್ಯುಲಿನ್ ಕೊಳವೆಯಲ್ಲಿ ಇತ್ತು, ಖರ್ಚಾಗಿರಲಿಲ್ಲ ಎಂದರ್ಥ. ಗುಂಪುಗಟ್ಟದಿದ್ದರೆ ಆ ನೆಗೆಟಿವ್‌ಗೆ ಬೆಲೆಯಿಲ್ಲ, ಮೊದಲಿನಿಂದ ಮಾಡಬೇಕು. ಆದರೆ ಚೆಕ್ ಸೆಲ್ಲಿನ ಮೇಲೆ ಇರಬೇಕಾದದ್ದಕ್ಕಿಂತ ಹೆಚ್ಚಿನ ನಂಬಿಕೆ ಇಟ್ಟಿರುವವರು ಬಹಳ. ರೋಗಿಯ ಸೀರಮ್ಮನ್ನು ಹಾಕುವುದೇ ಮರೆತಿದ್ದರೂ ಚೆಕ್ ಸೆಲ್ ಸೊಗಸಾಗಿ ಗುಂಪುಗಟ್ಟುತ್ತದೆ. ಸೀರಮ್ ಹಾಕಲಾಗಿತ್ತೇ, ಶಾಖದಲ್ಲಿ ಸಾಕಷ್ಟು ಹೊತ್ತು ಇಡಲಾಗಿತ್ತೇ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಈಗ ಬಳಕೆಯಲ್ಲಿರುವ ಜೆಲ್ ಕಾರ್ಡು ತೊಳೆಯುವ ಗೋಜನ್ನೇ ತಪ್ಪಿಸಿದೆ. ಸೀರಮ್ ಮೇಲೆಯೇ ಉಳಿದು ಕಣಗಳು ಮಾತ್ರ ಜೆಲ್ಲಿನೊಳಗೆ ಇಳಿಯುತ್ತವೆ. ಓದುವುದೂ ಸುಲಭ, ಕೈಯಿಂದ ಕೈಗೆ ವ್ಯತ್ಯಾಸವೂ ಕಡಿಮೆ. ಈ ಕಾರಣಕ್ಕೆ ಕೆಲಸದೊತ್ತಡವಿರುವ ರಕ್ತನಿಧಿಗೆ ಕೊಳವೆಗಿಂತ ಜೆಲ್ ಲೇಸು.

ಎರಡು ಪರೀಕ್ಷೆಗಳೂ ಒಟ್ಟಿಗೆ ಬೇಕಾಗುವ, ಒಂದರ ಉತ್ತರ ಇನ್ನೊಂದನ್ನು ಕೆಡಿಸಬಲ್ಲ ಜಾಗ ತಾಯಿ ಮತ್ತು ನವಜಾತ ಶಿಶು. ಒಂದು ಮಾದರಿ ಪ್ರಕರಣ: ತಾಯಿ ಎ ನೆಗೆಟಿವ್, ಮೂರನೆಯ ಬಸಿರು, ಹಿಂದಿನ ಹೆರಿಗೆಗಳ ನಂತರ ಆಂಟಿ-ಡಿ ಚುಚ್ಚುಮದ್ದು ಆಗಿಲ್ಲ. 28ನೇ ವಾರದಲ್ಲಿ ಆಕೆಯ ಐಸಿಟಿ ಪಾಸಿಟಿವ್, ಪ್ರತಿಕಾಯ ಆಂಟಿ-ಡಿ, ಟೈಟರ್ 64. ಅಂದರೆ ಸೀರಮ್ಮನ್ನು 64 ಪಟ್ಟು ತೆಳುಮಾಡಿದರೂ ಪರೀಕ್ಷೆ ಪಾಸಿಟಿವ್. ಸಾಮಾನ್ಯವಾಗಿ 16 ಅಥವಾ 32ನ್ನು ಎಚ್ಚರಿಕೆಯ ಗೆರೆ ಎಂದು ಇಟ್ಟುಕೊಳ್ಳುವುದರಿಂದ ಇದು ಚಿಂತೆಯ ಮಟ್ಟವೇ. ಮಗು ಹುಟ್ಟಿದಾಗ ಬಿಳಿಚಿಕೊಂಡಿದೆ, ಹೊಕ್ಕುಳಬಳ್ಳಿಯ ರಕ್ತದಲ್ಲಿ ಹಿಮೊಗ್ಲೋಬಿನ್ 9.5 ಗ್ರಾಂ, ಡಿಸಿಟಿ ನಾಲ್ಕು ಪ್ಲಸ್. ಇಷ್ಟರವರೆಗೆ ಎಲ್ಲವೂ ಹೊಂದಿಕೊಳ್ಳುತ್ತದೆ. ಆದರೆ ಮಗುವಿನ ಗುಂಪು ಎ ನೆಗೆಟಿವ್ ಎಂದು ಬರುತ್ತದೆ. ಡಿ ಪ್ರತಿಜನಕವೇ ಇಲ್ಲದ ಕಣಕ್ಕೆ ತಾಯಿಯ ಆಂಟಿ-ಡಿ ಅಂಟುವುದು ಹೇಗೆ?

ಇಲ್ಲಿ ಕೈ ತಾನಾಗಿ ಹೋಗುವುದು ದುರ್ಬಲ ಡಿ ಪರೀಕ್ಷೆಯ ಕಡೆಗೆ. ಮಗುವಿನ ಕಣಕ್ಕೆ ಐಜಿಜಿ ಆಂಟಿ-ಡಿ ಸೇರಿಸಿ ಪರೋಕ್ಷ ವಿಧಾನದಲ್ಲಿ ನೋಡುವುದು. ಅದು ಪಾಸಿಟಿವ್ ಬರುತ್ತದೆ, ಬರಲೇಬೇಕು. ಕಣದ ಮೇಲೆ ಐಜಿಜಿ ಮೊದಲೇ ಇರುವುದರಿಂದ ರೀಏಜೆಂಟಿನ ಬದಲು ಬರಿಯ ಸಲೈನ್ ಹಾಕಿದ್ದರೂ ಪಾಸಿಟಿವ್ ಬರುತ್ತಿತ್ತು ಎನ್ನುವಷ್ಟು ಅರ್ಥಹೀನ ಫಲಿತಾಂಶ ಅದು. ಡಿಸಿಟಿ ಪಾಸಿಟಿವ್ ಇರುವ ಕಣಗಳ ಮೇಲೆ ಮಾಡಿದ ಯಾವ ಪರೋಕ್ಷ ಪರೀಕ್ಷೆಯ ಪಾಸಿಟಿವ್‌ಗೂ ಅರ್ಥವಿಲ್ಲ. ಜೊತೆಯಲ್ಲಿ ಕಂಟ್ರೋಲ್ ಕೊಳವೆ ಇಟ್ಟಿದ್ದರೆ ಅದೂ ಪಾಸಿಟಿವ್ ಬಂದು ಕೂಡಲೇ ಎಚ್ಚರಿಸುತ್ತದೆ.

ಸರಿಯಾದ ದಾರಿ, ಕಣದ ಮೇಲಿನ ಪ್ರತಿಕಾಯವನ್ನು ಬಿಡಿಸಿ ನೋಡುವುದು. ಆಮ್ಲದ ವಿಧಾನದಿಂದ ಬಿಡಿಸಿದ ದ್ರವವನ್ನು, ಎಂದರೆ ಎಲ್ಯೂಯೇಟನ್ನು, ಗೊತ್ತಿರುವ ಕಣಗಳ ವಿರುದ್ಧ ಐಸಿಟಿ ಮಾಡಿದಾಗ ಅದು ಆಂಟಿ-ಡಿ ಎಂದು ತಿಳಿಯುತ್ತದೆ. ಇನ್ನೊಂದಷ್ಟು ಕಣಗಳನ್ನು 45 ಡಿಗ್ರಿ ಶಾಖದಲ್ಲಿ ಸ್ವಲ್ಪ ಹೊತ್ತು ಇಟ್ಟು, ಪ್ರತಿಕಾಯ ಕಳಚಿದ ಮೇಲೆ ಗುಂಪನ್ನು ಮತ್ತೆ ನೋಡಿದರೆ ಎ ಪಾಸಿಟಿವ್. ತಾಯಿಯ ಆಂಟಿ-ಡಿ ಮಗುವಿನ ಡಿ ಜಾಗಗಳನ್ನೆಲ್ಲ ಮುಚ್ಚಿಬಿಟ್ಟಿತ್ತು, ಗುಂಪು ನೋಡುವ ರೀಏಜೆಂಟಿಗೆ ಹಿಡಿಯಲು ಜಾಗವೇ ಉಳಿದಿರಲಿಲ್ಲ. ಪಠ್ಯಗಳು ಇದನ್ನು ಬ್ಲಾಕ್ಡ್ ಡಿ ಎನ್ನುತ್ತವೆ. ಮಗುವಿಗೆ ರಕ್ತ ಬದಲಿಸಲು ಓ ನೆಗೆಟಿವ್ ರಕ್ತವನ್ನು ಆರಿಸುತ್ತಾರೆ, ಕ್ರಾಸ್‌ಮ್ಯಾಚನ್ನು ತಾಯಿಯ ಸೀರಮ್ಮಿನ ಜೊತೆ ಮಾಡುವುದು ವಾಡಿಕೆ. ಮಗುವಿನಲ್ಲಿರುವ ಪ್ರತಿಕಾಯ ಬಂದದ್ದು ಅಲ್ಲಿಂದಲೇ.

ಇದಕ್ಕೆ ವಿರುದ್ಧ ತುದಿಯಲ್ಲಿ ಓ ಗುಂಪಿನ ತಾಯಿ, ಎ ಅಥವಾ ಬಿ ಗುಂಪಿನ ಮಗು. ಮಗುವಿಗೆ ಮೊದಲ ದಿನವೇ ಕಾಮಾಲೆ ಇರಬಹುದು, ಆದರೂ ಡಿಸಿಟಿ ಬಹಳ ಸಲ ದುರ್ಬಲ, ಕೆಲವೊಮ್ಮೆ ನೆಗೆಟಿವ್. ನವಜಾತ ಕಣಗಳ ಮೇಲೆ ಎ, ಬಿ ಪ್ರತಿಜನಕಗಳು ಇನ್ನೂ ಪೂರ್ತಿ ಬೆಳೆದಿರದೆ ಅಂಟುವ ಪ್ರತಿಕಾಯವೂ ಕಡಿಮೆ. ತಾಯಿಯ ಐಸಿಟಿ ಅಂತೂ ಶುದ್ಧ ನೆಗೆಟಿವ್. ಪರೀಕ್ಷಾ ಕಣಗಳು ಓ ಗುಂಪಿನವಾದ್ದರಿಂದ ಆಕೆಯ ಆಂಟಿ-ಎ, ಆಂಟಿ-ಬಿಗೆ ಅಲ್ಲಿ ಅಂಟಲು ಏನೂ ಇಲ್ಲ. ಬಳಸಿದ ಕಣಗಳ ಮೇಲೆ ಇರುವುದರ ವಿರುದ್ಧ ಮಾತ್ರ ಪರೋಕ್ಷ ಪರೀಕ್ಷೆ ಉತ್ತರ ಕೊಡುತ್ತದೆ. ತಂದೆಯಿಂದ ಬಂದ ಯಾವುದೋ ಅಪರೂಪದ ಪ್ರತಿಜನಕವಿದ್ದಾಗಲೂ ಹೀಗೇ: ತಾಯಿಯ ಐಸಿಟಿ ನೆಗೆಟಿವ್, ಮಗುವಿನ ಡಿಸಿಟಿ ಬಲವಾಗಿ ಪಾಸಿಟಿವ್. ಆಗ ಮಗುವಿನ ಎಲ್ಯೂಯೇಟನ್ನು ತಂದೆಯ ಕಣಗಳ ಮೇಲೆ ಹಾಕಿ ನೋಡಬೇಕು.

ದೊಡ್ಡವರಲ್ಲಿ ಡಿಸಿಟಿಯ ಬೆಲೆ ಏನು ಅಂಟಿದೆ ಎಂಬುದರ ಮೇಲೆ ನಿಂತಿದೆ. ಮೊದಲ ಸುತ್ತಿನ ರೀಏಜೆಂಟ್ ಐಜಿಜಿಯನ್ನೂ ಸಿ3ಡಿಯನ್ನೂ ಒಟ್ಟಿಗೆ ಹಿಡಿಯುತ್ತದೆ, ಪಾಸಿಟಿವ್ ಬಂದರೆ ಬೇರೆ ಬೇರೆಯಾಗಿ ನೋಡುತ್ತಾರೆ. ಐಜಿಜಿ ಇದ್ದರೆ ಬೆಚ್ಚಗಿನ ಸ್ವಯಂಪ್ರತಿಕಾಯದ ಕಡೆಗೆ, ಸಿ3ಡಿ ಮಾತ್ರವಿದ್ದರೆ ಶೀತ ಪ್ರತಿಕಾಯದ ಕಡೆಗೆ ಒಲವು. ಆದರೆ ಡಿಸಿಟಿ ಪಾಸಿಟಿವ್ ಎಂದರೆ ಕಣ ನಾಶವಾಗುತ್ತಿದೆ ಎಂದಲ್ಲ. ಆಸ್ಪತ್ರೆಯಲ್ಲಿರುವ ಅನೇಕರಲ್ಲಿ, ಕೆಲವು ಆರೋಗ್ಯವಂತ ರಕ್ತದಾನಿಗಳಲ್ಲಿ ಕೂಡ, ಹಿಮೊಗ್ಲೋಬಿನ್ ಸರಿಯಿದ್ದೂ ಡಿಸಿಟಿ ಪಾಸಿಟಿವ್ ಇರುತ್ತದೆ. ಇನ್ನೊಂದು ಬದಿಗೆ, ಒಂದೊಂದು ಕಣದ ಮೇಲೆ ನೂರಿನ್ನೂರು ಐಜಿಜಿ ಅಣುಗಳಾದರೂ ಇಲ್ಲದೆ ಕೊಳವೆಯ ಪರೀಕ್ಷೆಗೆ ಕಾಣುವುದಿಲ್ಲ. ಅದಕ್ಕಿಂತ ಕಡಿಮೆಯಿದ್ದಾಗಲೂ ಕೆಲವರಲ್ಲಿ ರಕ್ತ ಒಡೆಯುತ್ತದೆ. ಹಾಗಾಗಿ ರೆಟಿಕ್ಯುಲೊಸೈಟ್, ಎಲ್‌ಡಿಎಚ್, ಬಿಲಿರುಬಿನ್, ಹ್ಯಾಪ್ಟೊಗ್ಲೋಬಿನ್ ನೋಡದೆ ಡಿಸಿಟಿಯೊಂದರಿಂದಲೇ ಹಿಮೋಲಿಸಿಸ್ ಎಂದು ತೀರ್ಮಾನಿಸುವುದು ಪರೀಕ್ಷೆಗೆ ಮಾಡುವ ಅನ್ಯಾಯ.

ಈ ಪರೀಕ್ಷೆಗಳ ದೊಡ್ಡ ಕೊರತೆ ಪ್ರಯೋಗಾಲಯದಲ್ಲಿ ಇರುವುದಕ್ಕಿಂತ ವರದಿಯ ಹಾಳೆಯಲ್ಲಿದೆ. ‘ಡಿಸಿಟಿ ಪಾಸಿಟಿವ್’ ಎಂಬ ಎರಡೇ ಪದ ಬರೆದು ಕಳಿಸುವ ವರದಿ ಅಪೂರ್ಣ. ಎಷ್ಟು ಪ್ಲಸ್, ಐಜಿಜಿಯೋ ಸಿ3ಡಿಯೋ, ಎಲ್ಯೂಯೇಟಿನಲ್ಲಿ ಏನು ಸಿಕ್ಕಿತು, ಇತ್ತೀಚೆಗೆ ರಕ್ತ ಕೊಟ್ಟಿದ್ದುಂಟೇ ಎಂಬಿಷ್ಟನ್ನಾದರೂ ಪ್ರಯೋಗಾಲಯ ಅದರಲ್ಲಿ ಬರೆಯಬೇಕು, ಬರೆಯದಿದ್ದರೆ ವೈದ್ಯರು ಫೋನು ಮಾಡಿ ಕೇಳಬೇಕು.