ಅಪ್ಪನ 149 ರೂಪಾಯಿ ಎಲ್ಲಿಗೆ ಹೋಗುತ್ತಿತ್ತು?

ಜುಲೈ ತಿಂಗಳ ಒಂದು ರವಿವಾರ ಸಾವಳಗಿಯಿಂದ ಅಪ್ಪ ಫೋನ್ ಮಾಡಿದ. "ತಮ್ಮಾ, ಬ್ಯಾಂಕಿನ್ಯಾಗಿಂದ ತಿಂಗಳಾ 149 ರೂಪಾಯಿ ಹೊಂಟಾವ. ಆ ನಾಟಕದ ಆಪ್ ನಾ ಎಂದೋ ತಗದ್ ಒಗದೀನಿ. ಮತ್ತ್ಯಾಕ ಕಟ್ ಆಗ್ತಾವು?"

ಹತ್ತು ವರ್ಷ ಸಾಫ್ಟ್‌ವೇರ್ ಬರೆದವನು ನಾನು. ಎರಡು ನಿಮಿಷದ ಕೆಲಸ ಅಂದುಕೊಂಡೆ. ಪೂರ್ತಿ ಒಂದು ಸಂಜೆ ಹೋಯಿತು.

ನಡೆದದ್ದು ಇಷ್ಟು. ಹಳೇ ಸಿನಿಮಾ, ನಾಟಕ ತೋರಿಸುವ ಒಂದು ಆಪ್‌ಗೆ ಅಪ್ಪ ಜನವರಿಯಲ್ಲಿ ಫೋನಿನಿಂದಲೇ ತಿಂಗಳ ಚಂದಾ ಹಾಕಿದ್ದ, 149 ರೂಪಾಯಿ. ಮಾರ್ಚ್‌ನಲ್ಲಿ ಊರಿಗೆ ಹೋದಾಗ, ವರ್ಷಕ್ಕೆ 499 ಅಂದರೆ ಅಗ್ಗ ಅಂತ ಲ್ಯಾಪ್‌ಟಾಪ್‌ನಲ್ಲಿ ಆ ಕಂಪನಿಯ ವೆಬ್‌ಸೈಟ್ ತೆರೆದು, ಅಪ್ಪನ ನಂಬರಿನಿಂದಲೇ ಲಾಗಿನ್ ಆಗಿ, ನನ್ನ ಕಾರ್ಡಿನಿಂದ ಕಟ್ಟಿದೆ. ದೊಡ್ಡ ಪ್ಲಾನ್ ಬಂದಮೇಲೆ ಸಣ್ಣದು ತಾನೇ ನಿಲ್ಲುತ್ತದೆ ಅನ್ನೋದು ನನ್ನ ಭಾವನೆ. ನಿಲ್ಲಲಿಲ್ಲ. ಏಪ್ರಿಲ್, ಮೇ, ಜೂನ್, ಜುಲೈ ನಾಲ್ಕು ತಿಂಗಳಿಗೆ 596 ರೂಪಾಯಿ ಹೋಗಿತ್ತು. ಉಳಿತಾಯ ಮಾಡಲು ಹೋದವನು ವರ್ಷದ ಚಂದಾಕ್ಕಿಂತ ಹೆಚ್ಚು ಕಳೆದುಕೊಂಡಿದ್ದೆ.

ಮೊದಲು ಕಂಪನಿಯ ವೆಬ್‌ಸೈಟ್ ನೋಡಿದೆ. ಅಲ್ಲಿದ್ದದ್ದು 499ರ ಪ್ಲಾನ್ ಒಂದೇ. ಕಸ್ಟಮರ್ ಕೇರ್‌ಗೆ ಕೇಳಿದೆ. "ಸರ್, ನಿಮ್ಮ ಅಕೌಂಟಿನಲ್ಲಿ ಒಂದೇ ಸಬ್‌ಸ್ಕ್ರಿಪ್ಶನ್ ಇದೆ" ಅಂದರು. ಇನ್ನೊಂದು ಯಾರ ಹತ್ತಿರ ಇದೆ?

ನಮ್ಮ ಕಡೆಯವರಿಗೆ ಇದು ಎಪಿಎಂಸಿಯ ಉದಾಹರಣೆಯಿಂದ ಬೇಗ ತಿಳಿಯುತ್ತದೆ. ದಲಾಲಿ ಅಂಗಡಿಯ ಮೂಲಕ ಮಾಲು ಮಾರಿದರೆ ಲೆಕ್ಕದ ಪಟ್ಟಿ ದಲಾಲರ ಹತ್ತಿರ ಇರುತ್ತದೆ. ಮಾಲು ಕೊಂಡವನನ್ನು ಹಿಡಿದರೆ "ದಲಾಲರ್ನ ಕೇಳ್ರಿ" ಅಂತಾನೆ. ಆಪ್‌ನೊಳಗಿಂದ ಪ್ಲೇ ಸ್ಟೋರ್ ಮೂಲಕ ಚಂದಾ ಕಟ್ಟಿದಾಗಲೂ ಹಾಗೆಯೇ. ದುಡ್ಡು ಹಿಡಿಯುವುದು ಗೂಗಲ್, ಪ್ರತಿ ತಿಂಗಳು ಮತ್ತೆ ಕಟ್ ಮಾಡುವುದೂ ಗೂಗಲ್. ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಕಂಪನಿಗೆ ಕೊಡುತ್ತದೆ. ವೆಬ್‌ಸೈಟಿನಲ್ಲಿ ಕಟ್ಟಿದರೆ ನಡುವೆ ಈ ಅಂಗಡಿ ಇರುವುದಿಲ್ಲ, ಕಂಪನಿಯೇ ನಿಮ್ಮ ಕಾರ್ಡ್ ಅಥವಾ ಯುಪಿಐ ಆಟೋಪೇಯಿಂದ ಹಿಡಿಯುತ್ತದೆ. ಹೀಗೆ ಲೆಕ್ಕದ ಪುಸ್ತಕ ಎರಡು. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಹೊಡೆದುಹಾಕಲು ಆಗುವುದಿಲ್ಲ. ಆಪ್ ಅಳಿಸಿದರೂ ಎರಡೂ ಪುಸ್ತಕದಲ್ಲಿ ಒಂದು ಅಕ್ಷರ ಬದಲಾಗುವುದಿಲ್ಲ.

ಯಾವ ಪುಸ್ತಕ ಅನ್ನುವುದನ್ನು ರಸೀದಿಯೇ ಹೇಳುತ್ತದೆ. ಪ್ಲೇ ಸ್ಟೋರ್‌ನ ಆರ್ಡರ್ ನಂಬರ್ `GPA.` ಅಂತ ಶುರುವಾಗುತ್ತದೆ. ಐಫೋನಿನಲ್ಲಿ ಕಟ್ಟಿದ್ದರೆ ರಸೀದಿ ಆಪಲ್‌ನಿಂದ ಬಂದಿರುತ್ತದೆ. ಎರಡೂ ಅಲ್ಲದಿದ್ದರೆ ಕಂಪನಿಯದೇ ಬಿಲ್ಲು. ಅಪ್ಪನ ಈಮೇಲಿನಲ್ಲಿ ಯಾವ ರಸೀದಿಯೂ ಇರಲಿಲ್ಲ. ಕೊನೆಗೆ ವಿಡಿಯೋ ಕಾಲ್ ಮಾಡಿ ಅವನ ಯುಪಿಐ ಆಪ್‌ನ ಆಟೋಪೇ ಪುಟ ತೆರೆಸಿದೆ. 149ರ ಮುಂದೆ ನಾಟಕದ ಕಂಪನಿಯ ಹೆಸರಿರಲಿಲ್ಲ, ಗೂಗಲ್ ಪ್ಲೇ ಹೆಸರಿತ್ತು. ದಾರಿ ಸಿಕ್ಕಿತು.

ಆಮೇಲೆ ಪ್ಲೇ ಸ್ಟೋರ್. ಮೇಲಿನ ಬಲಮೂಲೆಯ ಚಿತ್ರ ಒತ್ತಿ, Payments & subscriptions, ಅದರೊಳಗೆ Subscriptions. ಅಲ್ಲಿ ಏನೂ ಇಲ್ಲ! ತಲೆ ಕೆಟ್ಟಿತು. "ಅಪ್ಪಾ, ಈ ಫೋನಿಗೆ ಜಿಮೇಲ್ ಹಾಕಿದ್ದ್ಯಾರು?" ಅಂದೆ. "ಅಕ್ಕನ ಮಗ ಹಾಕ್ಯಾನಲ್ಲೋ" ಅಂದ. ಫೋನಿನಲ್ಲಿ ಎರಡು ಗೂಗಲ್ ಅಕೌಂಟ್ ಇದ್ದವು. ಸ್ಟೋರ್‌ನ ಚಂದಾ ಅಂಟಿಕೊಂಡಿರುವುದು ಕೊಳ್ಳುವಾಗ ಪ್ಲೇ ಸ್ಟೋರ್‌ನಲ್ಲಿದ್ದ ಅಕೌಂಟಿಗೆ. ಆಪ್‌ಗೆ ಯಾವ ನಂಬರಿನಿಂದ ಲಾಗಿನ್ ಆಗಿದ್ದೀರಿ ಅನ್ನುವುದು ಅದಕ್ಕೆ ಬೇಕಾಗಿಲ್ಲ. ಹುಡುಗನ ಅಕೌಂಟಿಗೆ ಬದಲಿಸಿದ ಕೂಡಲೇ ಚಂದಾ ಕಂಡಿತು. ರಸೀದಿಗಳೂ ಅವನ ಜಿಮೇಲಿನಲ್ಲೇ ಬಿದ್ದಿದ್ದವು, ಅವನು ನೋಡಿರಲಿಲ್ಲ. Cancel subscription ಒತ್ತಿ, ಒಂದು ಕಾರಣ ಆರಿಸಿದರೆ ಮುಗಿಯಿತು. ಕಟ್ಟಿದ ತಿಂಗಳು ಮುಗಿಯುವವರೆಗೆ ನೋಡಬಹುದು ಅಂತ ತಾರೀಖು ತೋರಿಸಿತು.

ಹಳೇ ದುಡ್ಡು? ಗೂಗಲ್‌ಗೆ ನೇರವಾಗಿ ವಾಪಸ್ ಕೇಳುವುದಿದ್ದರೆ ಸಾಮಾನ್ಯವಾಗಿ 48 ಗಂಟೆಯೊಳಗೆ ಕೇಳಬೇಕು, ಆಮೇಲೆ ಕಂಪನಿಯನ್ನೇ ಕೇಳಿ ಅನ್ನುತ್ತದೆ. ಜುಲೈ ಕಂತು ಹೋಗಿ ಐದು ದಿನವಾಗಿತ್ತು. ಕಂಪನಿಯವರು ಬಹಳ ವಾದದ ಮೇಲೆ ಒಂದು ತಿಂಗಳಿನದು ಕೊಟ್ಟರು.

ಯುಪಿಐ ಆಪ್‌ನಲ್ಲೇ ಆಟೋಪೇ ರದ್ದು ಮಾಡಿದರೆ ಸಾಕಿತ್ತಲ್ಲ ಅಂತ ನೀವು ಕೇಳಬಹುದು. ಅದು ದುಡ್ಡಿನ ನಲ್ಲಿ ಬಂದ್ ಮಾಡಿದಂತೆ, ಚಂದಾ ರದ್ದು ಮಾಡಿದಂತಲ್ಲ. ಪ್ಲೇ ಸ್ಟೋರ್‌ನಲ್ಲಿ ಬ್ಯಾಕಪ್ ಅಂತ ಬೇರೆ ಕಾರ್ಡ್ ಇಟ್ಟಿದ್ದರೆ ಅದರಿಂದ ಹಿಡಿಯಬಹುದು. ಮೊದಲು ಚಂದಾ ರದ್ದು ಮಾಡಿ, ಆಮೇಲೆ ಆಟೋಪೇ ನೋಡಿ.

ಈಗ ನನ್ನ ತಕರಾರಿಗೆ ಬರುತ್ತೇನೆ. ಎರಡು ದಾರಿ ಇರುವುದು ತಪ್ಪಲ್ಲ. ನಿಜ ಹೇಳಬೇಕೆಂದರೆ ಸ್ಟೋರ್‌ನ ದಾರಿಯೇ ವಾಸಿ. ಎಲ್ಲ ಆಪ್‌ಗೂ ಒಂದೇ ಪುಟ, ಒಂದೇ ಬಟನ್. ಐಫೋನಿನಲ್ಲಿ Settings ತೆರೆದು ನಿಮ್ಮ ಹೆಸರು ಒತ್ತಿ Subscriptionsಗೆ ಹೋದರೆ ಆಯಿತು. ವೆಬ್‌ಸೈಟುಗಳಲ್ಲಿ ಒಬ್ಬೊಬ್ಬರದು ಒಂದೊಂದು ಗೂಡು. ನನ್ನ 499ರ ಆಟೋ ರಿನ್ಯೂವಲ್ ನಿಲ್ಲಿಸಲು ನಾಲ್ಕು ಪುಟ ದಾಟಿದೆ, ನಡುವೆ ಎರಡು ಸಲ "ಬಿಟ್ಟು ಹೋಗ್ತೀರಾ?" ಅಂತ ಕೇಳಿಸಿಕೊಂಡೆ.

ತಪ್ಪಿರುವುದು ಗೊತ್ತಿದ್ದೂ ಸುಮ್ಮನಿರುವುದರಲ್ಲಿ. ಪ್ಲೇ ಸ್ಟೋರ್‌ನ ಚಂದಾ ಪ್ರತಿ ಸಲ ನವೀಕರಣವಾದಾಗ ಕಂಪನಿಯ ಸರ್ವರ್‌ಗೆ ತಿಳಿಸುವ ವ್ಯವಸ್ಥೆಯನ್ನು ಗೂಗಲ್ ಕೊಟ್ಟಿದೆ. ಒಬ್ಬನೇ ಗಿರಾಕಿ ಎರಡು ಕಡೆ ಕಟ್ಟುತ್ತಿದ್ದಾನೆ ಅಂತ ಹಿಡಿಯುವುದು ಎಂಜಿನಿಯರಿಗೆ ದೊಡ್ಡ ಕೆಲಸವಲ್ಲ. ವೆಬ್‌ಸೈಟಿನಲ್ಲಿ 499 ಕಟ್ಟುವಾಗಲೇ "ನಿಮಗೆ ಪ್ಲೇ ಸ್ಟೋರ್‌ನಲ್ಲಿ ಇನ್ನೊಂದು ಚಂದಾ ಇದೆ, ಅದನ್ನು ಅಲ್ಲೇ ನಿಲ್ಲಿಸಿ" ಅಂತ ಒಂದು ಸಾಲು ತೋರಿಸಬಹುದಿತ್ತು. ಜೊತೆಗೆ ಈ ಲಿಂಕ್ ಸಾಕಿತ್ತು:

```
https://play.google.com/store/account/subscriptions
```

ಆಪ್‌ನೊಳಗಿಂದಲೇ ರದ್ದು ಮಾಡುವ ಸುಲಭ ದಾರಿ ಕೊಡಬೇಕು ಅಂತ ಪ್ಲೇ ಸ್ಟೋರ್‌ನ ನಿಯಮವೇ ಹೇಳುತ್ತದೆ. ಅಪ್ಪನ ಆಪ್‌ನಲ್ಲಿ ಕೊಳ್ಳುವ ಬಟನ್ ಮೊದಲ ಪುಟದಲ್ಲೇ ಇತ್ತು. ಬಿಡುವ ಬಟನ್ ಹುಡುಕಿದರೆ "ನಮ್ಮನ್ನು ಸಂಪರ್ಕಿಸಿ" ಅಂತ ಮಾತ್ರ ಸಿಕ್ಕಿತು. "ಸ್ಟೋರ್‌ನಲ್ಲಿ ಕೊಂಡದ್ದನ್ನು ನಾವು ರದ್ದು ಮಾಡಲಾಗದು" ಅನ್ನುವ ಮಾತು ಆಪಲ್ ವಿಷಯದಲ್ಲಿ ಬಹುಮಟ್ಟಿಗೆ ನಿಜ. ಗೂಗಲ್ ಮಾತ್ರ ಕಂಪನಿಗಳಿಗೆ `purchases.subscriptions.cancel` ಅನ್ನುವ ಎಪಿಐ ಕೊಟ್ಟಿದೆ.

ಕಾನೂನು ಇಲ್ಲ ಅಂತಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯ 13 ತಂತ್ರಗಳಲ್ಲಿ ಸಬ್‌ಸ್ಕ್ರಿಪ್ಶನ್ ಟ್ರ್ಯಾಪ್ ಕೂಡ ಒಂದು. ರದ್ದು ಮಾಡುವ ದಾರಿಯನ್ನು ಬಚ್ಚಿಟ್ಟರೆ 1915ಕ್ಕೆ ದೂರು ಕೊಡಬಹುದು. ಆಟೋ ಪಾವತಿಗೆ 24 ಗಂಟೆ ಮೊದಲು ಗ್ರಾಹಕನಿಗೆ ಸೂಚನೆ ಹೋಗಬೇಕು ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ.

ಆ ಸೂಚನೆ ಅಪ್ಪನಿಗೂ ಬಂದಿತ್ತು, ತಪ್ಪದೆ ಪ್ರತಿ ತಿಂಗಳು. "ಅಪ್ಪಾ, ಮೆಸೇಜ್ ಓದಲಿಲ್ಲೇನು?" ಅಂದೆ.

"ಇಂಗ್ಲಿಷಿನ್ಯಾಗ ಬಂದಿತ್ತೋ ತಮ್ಮಾ. ಬ್ಯಾಂಕಿನವರು ಏನೋ ಲೋನ್ ಕೊಡ್ತೀವಿ ಅಂತಾರ ಅಂತ ಬಿಟ್ಟಿದ್ನಿ."

ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಅಪ್ಪ-ಅವ್ವನ ಫೋನ್ ಇಸಕೊಂಡು ಎರಡು ಕಡೆ ನೋಡಿ: ಪ್ಲೇ ಸ್ಟೋರ್‌ನ Subscriptions ಪುಟ, ಫೋನಿನಲ್ಲಿರುವ ಪ್ರತಿ ಅಕೌಂಟಿಗೂ ಒಮ್ಮೆ. ಆಮೇಲೆ ಯುಪಿಐ ಆಪ್‌ನ ಆಟೋಪೇ ಪುಟ. ನಮ್ಮ ಮನೆಯಲ್ಲಿ ಅವ್ವನ ಫೋನ್ ನೋಡುವುದು ಇನ್ನೂ ಬಾಕಿ ಇದೆ.