ಮರದಡಿಯ ಹಣ್ಣು: ಸನ್ಯಾಸಧರ್ಮಗಳ ತೌಲನಿಕ ಓದಿಗೆ ಒಂದು ಒರೆಗಲ್ಲು

ತೌಲನಿಕ ಧರ್ಮಾಧ್ಯಯನಕ್ಕೆಂದು ವಿದ್ಯಾರ್ಥಿಗಳ ಕೈಸೇರುವ ಮಾರ್ಗದರ್ಶಿಗಳಲ್ಲಿ ಒಂದು ಕೋಷ್ಟಕ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬೌದ್ಧ, ಕ್ರೈಸ್ತ, ಜೈನ ಎಂದು ಮೂರು ಸಾಲು. ಅವುಗಳ ಮುಂದೆ ಬ್ರಹ್ಮಚರ್ಯ, ಅಪರಿಗ್ರಹ, ಮಿತಾಹಾರ. ಮೂರರ ಕೆಳಗೂ 'ಉಂಟು' ಎಂಬ ಒಂದೇ ಉತ್ತರ. ಉಪಾಧ್ಯಾಯನಾಗಿದ್ದಾಗ ಇಂಥ ಕೋಷ್ಟಕವನ್ನು ನಾನೂ ವರ್ಷಗಟ್ಟಲೆ ಬರೆಯಿಸಿದವನೇ. ಒಮ್ಮೆ ಒಬ್ಬ ಹುಡುಗ ಎದ್ದು, "ಭಿಕ್ಷು ನೆಲವನ್ನು ಅಗೆಯಬಾರದು ಎನ್ನುತ್ತೀರಿ, ಕ್ರೈಸ್ತ ಸನ್ಯಾಸಿ ಹೊಲ ಕೊಯ್ಯುತ್ತಾನೆ ಎನ್ನುತ್ತೀರಿ. ಇಬ್ಬರ ಅಪರಿಗ್ರಹವೂ ಒಂದೇ ಹೇಗಾಯಿತು, ಸಾರ್?" ಎಂದು ಕೇಳಿದ. ಕೋಷ್ಟಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ವ್ರತಗಳ ಹೆಸರನ್ನು ಹೋಲಿಸಿದರೆ ಸಾಲದು, ಅವುಗಳ ಹಿಂದಿನ ಕಾರಣವನ್ನು ಹೋಲಿಸಬೇಕೆಂಬುದು ಅಂದು ನನಗೆ ಮನದಟ್ಟಾಯಿತು.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಮರದಡಿಯಲ್ಲಿ ಮಾಗಿದ ಹಣ್ಣೊಂದು ಬಿದ್ದಿದೆ. ಥೇರವಾದದ ವಿನಯಪಿಟಕಕ್ಕೆ ನಡೆಯುವ ಭಿಕ್ಷು, ದಿಗಂಬರ ಜೈನಮುನಿ, ಆರನೆಯ ಶತಮಾನದ ಸಂತ ಬೆನೆಡಿಕ್ಟನ ನಿಯಮಾವಳಿಗೆ ಒಳಪಟ್ಟ ಸನ್ಯಾಸಿ, ಈ ಮೂವರೂ ಆ ದಾರಿಯಲ್ಲಿ ಹೋಗುತ್ತಾರೆ. ಯಾರೂ ಹಣ್ಣನ್ನು ಎತ್ತಿಕೊಂಡು ತಿನ್ನುವುದಿಲ್ಲ. ಕೋಷ್ಟಕವು 'ಮಿತಾಹಾರ' ಎಂದು ಬರೆದು ಇಲ್ಲಿಗೇ ನಿಲ್ಲುತ್ತದೆ.

ಭಿಕ್ಷು ತಿನ್ನದಿರುವುದಕ್ಕೆ ಮುಖ್ಯ ಕಾರಣ, ಅದನ್ನು ಯಾರೂ ಅವನಿಗೆ ಕೊಟ್ಟಿಲ್ಲ. ನೀರು, ಹಲ್ಲುಕಡ್ಡಿಗಳ ಹೊರತು ಕೊಡದ ಯಾವುದನ್ನೂ ಅವನು ಬಾಯಿಗೆ ಹಾಕುವಂತಿಲ್ಲ. ಪಡೆದುದನ್ನು ನಾಳೆಗೆ ಕೂಡಿಡುವಂತಿಲ್ಲ. ಜೈನಮುನಿಗೂ ಅದತ್ತವಾದುದು ವರ್ಜ್ಯವೇ. ಅದಕ್ಕಿಂತ ಆಳವಾದ ಕಾರಣವೆಂದರೆ, ಬೀಜವುಳ್ಳ ಹಸಿ ಹಣ್ಣು ಸಚಿತ್ತ, ಅದರಲ್ಲಿ ಜೀವವಿದೆ. ಬೆನೆಡಿಕ್ಟನ ಸನ್ಯಾಸಿಗೆ ಜೀವಹಿಂಸೆಯ ಶಂಕೆಯಿಲ್ಲ. ಆದರೆ ಯಾವುದನ್ನೂ ತನ್ನದೆನ್ನುವ ಅಧಿಕಾರ ಅವನಿಗಿಲ್ಲ; ನಿಯತ ವೇಳೆಯ ಹೊರಗೆ ಉಣ್ಣುವುದೂ ನಿಷಿದ್ಧ.

ಈಗ ಗೃಹಸ್ಥನೊಬ್ಬನು ಅದೇ ಹಣ್ಣನ್ನು ಎತ್ತಿ ನೀಡಲು ಬಂದನೆನ್ನಿ. ಮೂವರ ದಾರಿಯೂ ಇಲ್ಲಿ ಬೇರೆಯಾಗುತ್ತದೆ. ಮಧ್ಯಾಹ್ನ ಮೀರಿರದಿದ್ದರೆ, ಹಣ್ಣನ್ನು ವಿನಯದ ಕ್ರಮದಂತೆ ಗೃಹಸ್ಥನು ಕಲ್ಪ್ಯವಾಗಿಸಿ ಕೊಟ್ಟರೆ, ಭಿಕ್ಷು ಸ್ವೀಕರಿಸುತ್ತಾನೆ. ತನಗಾಗಿಯೇ ಅಡಿಗೆ ಮಾಡಿ ಕರೆದರೂ ಅವನು ಹೋಗಬಹುದು. ಜೈನಮುನಿಗೆ ಅದು ಸಲ್ಲದು. ತನ್ನನ್ನು ಉದ್ದೇಶಿಸಿ ಮಾಡಿದ ಆಹಾರ 'ಉದ್ದಿಷ್ಟ' ದೋಷವುಳ್ಳದ್ದು, ಏಕೆಂದರೆ ಒಲೆಯ ಹಿಂಸೆಯಲ್ಲಿ ಆಗ ಅವನೂ ಪಾಲುಗಾರ. ದೋಷವಿಲ್ಲದ ಪ್ರಾಸುಕ ಆಹಾರವನ್ನು ಅವನು ದಿನಕ್ಕೊಮ್ಮೆ, ನಿಂತುಕೊಂಡು, ಬೊಗಸೆಯಲ್ಲಿಯೇ ಉಣ್ಣುತ್ತಾನೆ. ನಡುವೆ ಕೂದಲೋ ಸತ್ತ ಕೀಟವೋ ಕಂಡರೆ ಅಂತರಾಯವಾಗಿ ಅಂದಿನ ಊಟ ಅಲ್ಲಿಗೇ ಮುಗಿಯುತ್ತದೆ. ಬೆನೆಡಿಕ್ಟನ ಸನ್ಯಾಸಿಯಾದರೋ ಮಠಾಧಿಪತಿಯ ಅಪ್ಪಣೆಯಿಲ್ಲದೆ ಚಿಕ್ಕ ಕಾಣಿಕೆಯನ್ನೂ ಮುಟ್ಟುವಂತಿಲ್ಲ. ಅಪ್ಪಣೆಯಾದರೂ ಅದು ಯಾರಿಗೆ ಸಲ್ಲಬೇಕೆಂಬುದನ್ನು ಅಧಿಪತಿಯೇ ನಿರ್ಧರಿಸುತ್ತಾನೆ.

ಹೀಗೆ ಒಂದೇ ಹಣ್ಣು ಮೂರು ತತ್ತ್ವಗಳನ್ನು ಹೊರಗೆಡಹುತ್ತದೆ. ಭಿಕ್ಷುವಿನ ನಿಯಮ ದಾತೃವಿನೊಡನೆ ನಿತ್ಯದ ಸಂಬಂಧವನ್ನು ಕಾಯುತ್ತದೆ. ನೆಲವನ್ನು ಅಗೆಯದ, ಕೂಡಿಡದ ಅವನು ಪ್ರತಿದಿನವೂ ಜನರ ಬಳಿಗೆ ಬರಲೇಬೇಕು. ಮುನಿಯ ನಿಯಮ ಜೀವರಾಶಿಯನ್ನು ಕಾಯುತ್ತದೆ. ಬೆನೆಡಿಕ್ಟನ ನಿಯಮ ಸ್ವಂತ ಇಚ್ಛೆಯನ್ನು ತ್ಯಜಿಸಿದವರ ಸಮುದಾಯವನ್ನು ಕಾಯುತ್ತದೆ. ಅಲ್ಲಿ ಸೋದರರು ಸರದಿಯ ಮೇಲೆ ಅಡಿಗೆಮನೆಯ ಸೇವೆ ಮಾಡುತ್ತಾರೆ, ಕೈದುಡಿಮೆ ಸಾಧನೆಯ ಅಂಗವೇ ಆಗಿದೆ. ಆ ಹುಡುಗನ ಪ್ರಶ್ನೆಗೆ ಉತ್ತರ ಇದೇ.

ವಚನಗಳನ್ನು ಓದಿದ ನಮಗೆ ಇದರಲ್ಲಿ ಕಾಯಕವೇ ಕಾಣಬಹುದು. ಆತುರಪಡಬಾರದು. ಶರಣರ ಕಾಯಕ ಸಂಸಾರದ ನಡುವಿನದು, ದಾಸೋಹದಲ್ಲಿ ಫಲಿಸುವಂಥದು; ಬೆನೆಡಿಕ್ಟನದು ಬ್ರಹ್ಮಚಾರಿಗಳ ಮಠದ ಆವರಣದೊಳಗಿನ ದುಡಿಮೆ. ಹೋಲಿಕೆ ಉಂಟು, ಏಕತೆ ಇಲ್ಲ.

ಈ ಒರೆಗಲ್ಲಿಗೂ ಮಿತಿಯಿದೆ. 'ಕ್ರೈಸ್ತ' ಎಂಬ ಸಾಲು ಒಂದೇ ಅಲ್ಲ: 1223ರಲ್ಲಿ ಪೋಪರ ಅನುಮೋದನೆ ಪಡೆದ ಅಸಿಸಿಯ ಫ್ರಾನ್ಸಿಸನ ನಿಯಮದಲ್ಲಿ ಸೋದರರು ಹಣವನ್ನು ಮುಟ್ಟದೆ ಭಿಕ್ಷೆಗೂ ಹೋಗುವವರು. 'ಬೌದ್ಧ' ಎಂಬುದೂ ಹಾಗೆಯೇ: ಚೀನಾದ ಚಾನ್ ವಿಹಾರಗಳಲ್ಲಿ ಭಿಕ್ಷುಗಳು ಹೊಲದಲ್ಲಿ ದುಡಿದದ್ದುಂಟು. ಶ್ವೇತಾಂಬರ ಸಾಧುಗಳು ಬೊಗಸೆಯಲ್ಲಿ ಉಣ್ಣದೆ, ಹಲವು ಮನೆಗಳಿಂದ ಪಾತ್ರೆಯಲ್ಲಿ ಸ್ವಲ್ಪಸ್ವಲ್ಪವೇ ಪಡೆದು ತರುತ್ತಾರೆ. ಆದುದರಿಂದ ವಿದ್ಯಾರ್ಥಿಯು ಕೋಷ್ಟಕ ಬರೆಯುವುದಾದರೆ, ಪ್ರತಿ ಸಾಲಿನ ತಲೆಯ ಮೇಲೆ ಧರ್ಮದ ಹೆಸರಿನ ಬದಲು ಶಾಖೆಯ ಮತ್ತು ನಿಯಮಗ್ರಂಥದ ಹೆಸರನ್ನು ಬರೆಯಲಿ. 'ಉಂಟು' ಎಂದು ಬರೆದ ಕಡೆಗಳಲ್ಲೆಲ್ಲ 'ಏಕೆ' ಎಂಬುದಕ್ಕೂ ಒಂದು ಮನೆಯನ್ನು ಬಿಡಲಿ.