ಐದು ದಿನದ ಚೀಟಿ: ಹಲ್ಲಿನ ಕೀವು ಮತ್ತು ಪ್ರತಿಜೀವಕದ ಅತಿಪ್ರತಿಷ್ಠೆ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ಔಷಧ ಅಂಗಡಿಗಳಿಗೆ ಹಲ್ಲುನೋವಿನ ಹೆಸರಿನಲ್ಲಿ ಬರುವ ಚೀಟಿಗಳಿಗೆ ಒಂದು ಸಿದ್ಧರೂಪವಿದೆ: ಅಮಾಕ್ಸಿಸಿಲಿನ್ ಮತ್ತು ಕ್ಲಾವುಲನೇಟ್ ಕೂಡಿದ 625 ಮಿಲಿಗ್ರಾಮಿನ ಗುಳಿಗೆ, ಅದರ ಜೊತೆಗೆ ಮೆಟ್ರೋನಿಡಜೋಲ್ 400, ಒಂದು ನೋವಿನ ಗುಳಿಗೆ, ಒಂದು ಹೊಟ್ಟೆಯ ಗುಳಿಗೆ, ಎಲ್ಲವೂ ಐದು ದಿನಕ್ಕೆ. ಹುಳುಕಿಗೆ ತಂಪು ನೀರು ತಾಗಿ ಜುಮ್ಮೆಂದರೂ, ವಸಡಿನಲ್ಲಿ ಕೀವು ಕಟ್ಟಿದರೂ, ಗದ್ದದ ಕೆಳಗೆ ಬಾವು ಇಳಿದು ಉಸಿರಿಗೆ ಕುತ್ತು ಬಂದರೂ ಈ ಚೀಟಿ ಬದಲಾಗುವುದಿಲ್ಲ ಎಂಬುದೇ ಅದರ ಮೇಲಿನ ಮೊದಲ ಆಕ್ಷೇಪ. ಮೂರು ಬೇರೆ ಬೇರೆ ರೋಗಸ್ಥಿತಿಗಳಿಗೆ ಒಂದೇ ಉತ್ತರ ಕೊಡುವ ಪದ್ಧತಿ ಮೊದಲನೆಯದರಲ್ಲಿ ನಿರುಪಯೋಗಿ, ಎರಡನೆಯದರಲ್ಲಿ ಬಹುಮಟ್ಟಿಗೆ ಅನಗತ್ಯ, ಮೂರನೆಯದರಲ್ಲಿ ಅಪಾಯಕರವಾಗಿ ಅಪೂರ್ಣ. ಆದರೂ ಅದರ ಪ್ರತಿಷ್ಠೆ ಕುಂದದಿರುವುದಕ್ಕೆ ಕಾರಣವನ್ನು ಔಷಧದಲ್ಲಿ ಅಲ್ಲ, ರೋಗದ ನಡೆಯಲ್ಲಿ ಹುಡುಕಬೇಕು.

ಹಲ್ಲಿನ ಒಳಗಿನ ತಿರುಳಿನಲ್ಲಿ, ಎಂದರೆ ನರ ಮತ್ತು ರಕ್ತನಾಳಗಳು ತುಂಬಿದ ಮೃದು ಭಾಗದಲ್ಲಿ, ಉರಿಯೂತ ಮರಳಿ ಬಾರದ ಹಂತ ಮುಟ್ಟಿದಾಗ ರಾತ್ರಿಯೆಲ್ಲ ನಿದ್ದೆಗೆಡಿಸುವ ನೋವು ಬರುತ್ತದೆ. ಸುತ್ತ ಗಟ್ಟಿ ದಂತಭಿತ್ತಿಯಿರುವುದರಿಂದ ತಿರುಳಿಗೆ ಊದಿಕೊಳ್ಳಲು ಜಾಗವಿಲ್ಲ, ಒತ್ತಡ ಏರಿ ರಕ್ತಸಂಚಾರ ನಿಲ್ಲುತ್ತದೆ, ಕೆಲವು ದಿನಗಳಲ್ಲಿ ತಿರುಳು ಸಾಯುತ್ತದೆ. ಸತ್ತ ನರಕ್ಕೆ ನೋವಿಲ್ಲ. ಈ ಸಾವು ಮತ್ತು ಐದು ದಿನದ ಗುಳಿಗೆ ಒಂದೇ ವಾರದಲ್ಲಿ ಮುಗಿಯುವುದರಿಂದ ರೋಗಿಯೂ, ಎಷ್ಟೋ ಸಲ ವೈದ್ಯರೂ, ಶಮನದ ಕೀರ್ತಿಯನ್ನು ಗುಳಿಗೆಗೆ ಒಪ್ಪಿಸುತ್ತಾರೆ. ತಿಂಗಳುಗಳ ನಂತರ ಅದೇ ಹಲ್ಲಿನ ಬೇರಿನ ತುದಿಯಲ್ಲಿ ಕೀವು ಕಟ್ಟಿದಾಗ ಅದನ್ನು ಹೊಸ ರೋಗವೆಂದು ಎಣಿಸಲಾಗುತ್ತದೆ, ಹಳೆಯ ಚೀಟಿ ಮತ್ತೆ ಹೊರಬರುತ್ತದೆ. ಈ ಭ್ರಮೆಯನ್ನು ಪರೀಕ್ಷಿಸಿದ ಒಂದು ಪ್ರಯೋಗ 2000ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಇಂಥ ತಿರುಳುರಿಯೂತವಿದ್ದ 40 ರೋಗಿಗಳಲ್ಲಿ ಕೆಲವರಿಗೆ ಏಳು ದಿನ ಪೆನಿಸಿಲಿನ್, ಉಳಿದವರಿಗೆ ನೋಡಲು ಅದೇ ರೀತಿಯ ಪೊಳ್ಳು ಗುಳಿಗೆ ಕೊಟ್ಟು ನೋಡಿದಾಗ ನೋವಿನಲ್ಲಾಗಲಿ, ಅವರು ನುಂಗಿದ ನೋವಿನ ಗುಳಿಗೆಗಳ ಲೆಕ್ಕದಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಮೆರಿಕನ್ ದಂತವೈದ್ಯ ಸಂಘದ 2019ರ ಮಾರ್ಗಸೂಚಿ ಈ ಸ್ಥಿತಿಯ ಬಗ್ಗೆ ಯಾವ ಸಡಿಲಿಕೆಯನ್ನೂ ಕೊಡುವುದಿಲ್ಲ: ರೋಗನಿರೋಧಕ ಶಕ್ತಿ ಸರಿಯಾಗಿರುವ ವಯಸ್ಕರಿಗೆ, ಹಲ್ಲಿನ ಚಿಕಿತ್ಸೆ ಅಂದೇ ದೊರೆಯದಿದ್ದರೂ, ಪ್ರತಿಜೀವಕ ಬೇಡ.

ಕೀವು ಕಟ್ಟಿದ ಹಲ್ಲಿನ ವಿಷಯ ಇಷ್ಟು ಸರಳವಲ್ಲ, ಆದ್ದರಿಂದ ಚೀಟಿಯ ಸಮರ್ಥಕರು ಇಲ್ಲಿಯೇ ನೆಲೆಯೂರುತ್ತಾರೆ. ಬ್ಯಾಕ್ಟೀರಿಯಾ ಇವೆ, ಅವನ್ನು ಕೊಲ್ಲುವ ಔಷಧವೂ ಇದೆ, ಕೊಡಬಾರದೇಕೆ ಎಂಬುದು ಅವರ ವಾದ. ಔಷಧ ರಕ್ತದ ಮೂಲಕವೇ ಹೋಗಬೇಕು. ಸತ್ತ ತಿರುಳಿನಲ್ಲಿ ರಕ್ತವಿಲ್ಲ, ಕೀವಿನ ಕುಳಿಯೊಳಗೆ ರಕ್ತನಾಳವಿಲ್ಲ. ಗೋಡೆಯನ್ನು ದಾಟಿ ಒಳಗೆ ಇಳಿದಷ್ಟು ಔಷಧ ಆಮ್ಲೀಯವಾದ, ಬ್ಯಾಕ್ಟೀರಿಯಾ ದಟ್ಟವಾಗಿ ನೆರೆದ ಕೀವನ್ನು ಎದುರಿಸುತ್ತದೆ. ಪೆನಿಸಿಲಿನ್ ಕುಲದ ಔಷಧಗಳು ವಿಭಜನೆಯಾಗುತ್ತಿರುವ ಜೀವಿಗಳನ್ನಷ್ಟೇ ಚೆನ್ನಾಗಿ ಕೊಲ್ಲುವುದರಿಂದ, ಅಲ್ಲಿ ನಿಧಾನಗೊಂಡು ಕುಳಿತ ಬ್ಯಾಕ್ಟೀರಿಯಾ ಅವುಗಳಿಂದ ತಪ್ಪಿಸಿಕೊಳ್ಳುತ್ತವೆ. ಸುತ್ತಲಿನ ಜೀವಂತ ಅಂಗಾಂಶದಲ್ಲಿ ಹರಡಿದ ಸೋಂಕು ಇಳಿದು ಬಾವು ಕುಗ್ಗಿದಂತೆ ಕಂಡರೂ ಮೂಲ ಉಳಿಯುತ್ತದೆ. ಮೆಟ್ರೋನಿಡಜೋಲನ್ನು ಇದಕ್ಕೆ ಜೋಡಿಸುವುದಂತೂ ಅಭ್ಯಾಸಬಲವೇ ಹೊರತು ಚಿಂತನೆಯಲ್ಲ: ಅದು ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಆದರೆ ಕ್ಲಾವುಲನೇಟ್ ಕೂಡಿದ ಅಮಾಕ್ಸಿಸಿಲಿನ್ ಆ ಕೆಲಸವನ್ನು ಆಗಲೇ ಮಾಡುತ್ತಿರುತ್ತದೆ. ರೋಗಿಗೆ ಹೆಚ್ಚುವರಿಯಾಗಿ ಸಿಗುವುದು ಬಾಯಿಯಲ್ಲಿ ಲೋಹದ ರುಚಿ, ಹೊಟ್ಟೆ ತೊಳಸುವಿಕೆ ಮತ್ತು ಇನ್ನೊಂದು ಪಟ್ಟಿಯ ಬೆಲೆ.

ಈ ಪದ್ಧತಿಯ ನಿಜವಾದ ಆಧಾರಸ್ತಂಭ ಔಷಧಶಾಸ್ತ್ರವಲ್ಲ, ದಂತ ದವಾಖಾನೆಯ ಒಂದು ವಾಡಿಕೆಯ ಮಾತು: “ಬಾವು ಇಳದ ಮ್ಯಾಲ ಬರ್ರಿ, ಆಮ್ಯಾಲ ಕೀಳೂಣು.” ಬಾವಿದ್ದಾಗ ಹಲ್ಲು ಕಿತ್ತರೆ ಸೋಂಕು ಹರಡುತ್ತದೆ, ಬಾವಿದ್ದಾಗ ಅರಿವಳಿಕೆ ಹಿಡಿಯುವುದಿಲ್ಲ ಎಂಬ ಎರಡು ನಂಬಿಕೆಗಳು ಇದರಲ್ಲಿ ಅಡಗಿವೆ, ಇವೆರಡನ್ನೂ ಒಂದೇ ತೂಕದಲ್ಲಿ ಹಾಕುವುದು ನ್ಯಾಯವಲ್ಲ. ಎರಡನೆಯದರಲ್ಲಿ ಅರ್ಧ ಸತ್ಯವಿದೆ. ಲಿಗ್ನೋಕೇನ್ ನರದ ಪೊರೆಯನ್ನು ದಾಟಬೇಕಾದರೆ ಅದರ ಕಣಗಳು ವಿದ್ಯುದಾವೇಶವಿಲ್ಲದ ರೂಪದಲ್ಲಿರಬೇಕು. ಕೀವಿನ ಸುತ್ತಲಿನ ಆಮ್ಲೀಯತೆಯಲ್ಲಿ ಅಂಥ ಕಣಗಳ ಪಾಲು ಕಡಿಮೆಯಾಗುತ್ತದೆ, ಆದ್ದರಿಂದ ಬಾವಿನೊಳಗೇ ಸೂಜಿ ಚುಚ್ಚಿದವರಿಗೆ ನಿರಾಶೆ ಕಟ್ಟಿಟ್ಟದ್ದು. ಆದರೆ ಕೆಳದವಡೆಯ ಹಲ್ಲುಗಳ ನರವನ್ನು ಬಾವಿನಿಂದ ದೂರದಲ್ಲಿ, ದವಡೆಯ ಹಿಂಭಾಗದ ಒಳಮೈಯಲ್ಲಿ, ಅದು ಮೂಳೆಯನ್ನು ಹೊಗುವ ಮುಂಚೆಯೇ ತಡೆಯಬಹುದು. ಈ ಚುಚ್ಚುಮದ್ದನ್ನು ಪ್ರತಿಯೊಬ್ಬ ದಂತವೈದ್ಯರೂ ವಿದ್ಯಾರ್ಥಿದೆಸೆಯಲ್ಲಿಯೇ ಕಲಿತಿರುತ್ತಾರೆ. ಹೀಗಾಗಿ ಅರಿವಳಿಕೆಯ ತೊಡಕು ಚುಚ್ಚುವ ಜಾಗವನ್ನು ಬದಲಿಸಲು ಕಾರಣವೇ ಹೊರತು ಕೀಳುವ ದಿನವನ್ನು ಮುಂದೂಡಲು ಅಲ್ಲ. ಮೊದಲನೆಯ ನಂಬಿಕೆಯಂತೂ ತಲೆಕೆಳಗಾಗಿದೆ: ಸೋಂಕನ್ನು ಹರಡುವುದು ಒಳಗೆ ಉಳಿದ ಕೀವಿನ ಒತ್ತಡ, ಹಲ್ಲು ಕಿತ್ತಾಗ ತೆರೆಯುವ ಕುಳಿ ಆ ಒತ್ತಡಕ್ಕೆ ದೊರೆಯುವ ದಾರಿ.

ಉದಾಹರಣೆಗೆ ಇಳಕಲ್ಲಿನ ನೇಕಾರಳೊಬ್ಬಳ ಕೆಳದವಡೆಯ ಬಲಬದಿಯ ಮೊದಲ ದವಡೆಹಲ್ಲನ್ನು ಕಲ್ಪಿಸಿಕೊಳ್ಳಬಹುದು. ಹಲ್ಲು ಬುಡದವರೆಗೆ ಹುಳುಕಿದೆ, ಮುಟ್ಟಿದರೆ ನೋವು, ವಸಡು ಮತ್ತು ಕೆನ್ನೆ ಸೇರುವ ಮಡಿಕೆಯಲ್ಲಿ ಒತ್ತಿದರೆ ಒಳಗೆ ದ್ರವ ಅಲುಗುವಂಥ ಬಾವಿದೆ. ಜ್ವರವಿಲ್ಲ, ಬಾಯಿ ಮೂರು ಬೆರಳಿನಷ್ಟು ತೆರೆಯುತ್ತದೆ, ನುಂಗಲು ತೊಂದರೆಯಿಲ್ಲ, ಸಕ್ಕರೆ ಕಾಯಿಲೆ ಇಲ್ಲ. ದೂರದ ಚುಚ್ಚುಮದ್ದು ಹಿಡಿದ ಮೇಲೆ ಬಾವು ಅತಿ ಮೆತ್ತಗಿರುವ ಕಡೆ ಸುಮಾರು ಒಂದು ಸೆಂಟಿಮೀಟರ್ ಕೊಯ್ದು, ಮುಚ್ಚಿದ ಇಕ್ಕಳವನ್ನು ಒಳಗಿಳಿಸಿ ಅಲ್ಲಿ ಬಾಯಿ ಬಿಡಿಸಿದರೆ ಕೀವಿನ ಕೋಣೆಗಳು ಒಡೆಯುತ್ತವೆ. ಹಲ್ಲನ್ನು ಉಳಿಸಲು ಸಾಧ್ಯವಿಲ್ಲದಿದ್ದರೆ ಅದೇ ಕೂತಲ್ಲಿ ಕೀಳಬೇಕು, ಉಳಿಸಬಹುದಾದರೆ ಬೇರಿನ ನಾಳವನ್ನು ತೆರೆದು ತೊಳೆಯಬೇಕು. ಕೀವು ಹೆಚ್ಚಿದ್ದರೆ ಶುದ್ಧೀಕರಿಸಿದ ರಬ್ಬರಿನ ಪಟ್ಟಿಯೊಂದನ್ನು ಗಾಯದಲ್ಲಿಟ್ಟು ಹೊಲಿದು, ಸೋರುವಿಕೆ ನಿಂತ ಮೇಲೆ, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ, ತೆಗೆಯಬೇಕು. ಹೊಟ್ಟೆಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ಐಬುಪ್ರೊಫೇನ್ 400 ಮತ್ತು ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಒಟ್ಟಿಗೆ ಕೊಟ್ಟರೆ ನೋವಿಗೆ ಸಾಕು. ಈ ಸ್ಥಿತಿಯಲ್ಲಿ ಪ್ರತಿಜೀವಕದ ಪಾತ್ರವೇ ಇಲ್ಲ.

ಇದೇ ರೋಗಿಯ ಬಗ್ಗೆ ಮೇಲೆ ಹೇಳಿದ ಮಾರ್ಗಸೂಚಿಯಲ್ಲಿ ಒಂದು ಉಪವಾಕ್ಯವಿದೆ, ಮತ್ತು ಈ ಭಾಗದ ಚರ್ಚೆಯೆಲ್ಲ ಅದರ ಸುತ್ತಲೇ ತಿರುಗುತ್ತದೆ. ಒಂದೇ ಜಾಗದಲ್ಲಿ ನಿಂತ ಕೀವಿಗೆ ಚಿಕಿತ್ಸೆ ತಕ್ಷಣ ಲಭ್ಯವಿಲ್ಲದಿದ್ದರೆ ಅಮಾಕ್ಸಿಸಿಲಿನ್ 500 ಮಿಲಿಗ್ರಾಮನ್ನು ದಿನಕ್ಕೆ ಮೂರು ಸಲ, ಮೂರರಿಂದ ಏಳು ದಿನ ಕೊಡಬಹುದು ಎನ್ನುತ್ತದೆ ಅದು. ‘ನಮ್ಮ ಹಳ್ಳಿಗಳಿಗೆ ಅಮೆರಿಕದ ನಿಯಮ ಹೊಂದುವುದಿಲ್ಲ’ ಎನ್ನುವವರು ತಮಾಷೆಯೆಂದರೆ ಇದೇ ಅಮೆರಿಕದ ರಿಯಾಯಿತಿಯನ್ನು ಮಾತ್ರ ಕಣ್ಣಿಗೊತ್ತಿಕೊಳ್ಳುತ್ತಾರೆ. ಲಭ್ಯತೆ ಯಾರ ಬಳಿ ಇಲ್ಲ ಎಂಬ ಪ್ರಶ್ನೆಯನ್ನು ಅವರು ಕೇಳುವುದಿಲ್ಲ. ಇಕ್ಕಳವಿಲ್ಲದ, ದಂತವೈದ್ಯರಿಲ್ಲದ ಹಳ್ಳಿಯ ದವಾಖಾನೆಯ ವೈದ್ಯರು ಆ ಸಡಿಲಿಕೆಗೆ ನಿಜವಾಗಿ ಅರ್ಹರು; ಆದರೆ ಅವರ ಚೀಟಿಯಲ್ಲಿ ಗುಳಿಗೆಯ ಜೊತೆಗೆ ದಂತವೈದ್ಯರ ಬಳಿ ಬೇಗ ಹೋಗಬೇಕೆಂಬ ಸೂಚನೆಯೂ, ಮೂರನೆಯ ದಿನ ಮತ್ತೆ ನೋಡುವ ಏರ್ಪಾಡೂ ಇರಬೇಕು. ಕುರ್ಚಿ, ದೀಪ, ಚುಚ್ಚುಮದ್ದು, ಇಕ್ಕಳ ಎಲ್ಲವೂ ಎದುರಿಗಿರುವ ದಂತವೈದ್ಯರಿಗೆ ಅದೇ ರಿಯಾಯಿತಿ ಸಲ್ಲುವುದಿಲ್ಲ, ಏಕೆಂದರೆ ಅಲ್ಲಿ ಲಭ್ಯವಿಲ್ಲದಿರುವುದು ಚಿಕಿತ್ಸೆಯಲ್ಲ. ಮಾರ್ಗಸೂಚಿಯ ಆಧಾರ ದುರ್ಬಲ ಎಂಬ ಇನ್ನೊಂದು ಆಕ್ಷೇಪಕ್ಕೆ ಹುರುಳಿದೆ. ಕೀವಿನ ಮೇಲಿನ ಪ್ರಯೋಗಗಳು ಕೆಲವೇ, ಅವೂ ಚಿಕ್ಕವು. ಆದರೆ ಕೊಯ್ದು ಹರಿಸಿದ ಮೇಲೂ ಗುಳಿಗೆಯಿಂದ ಲಾಭವಿದೆ ಎಂದು ತೋರಿಸುವ ಹೊಣೆ ಗುಳಿಗೆ ಬರೆಯುವವರದೇ, ಮತ್ತು 1996ರಲ್ಲಿ ಪ್ರಕಟವಾದ, ಎಲ್ಲ ರೋಗಿಗಳ ಬೇರುನಾಳವನ್ನೂ ತೊಳೆದು ಪೆನಿಸಿಲಿನ್ ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿದ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ.

ಮಾರ್ಗಸೂಚಿಯಲ್ಲಿ ನಿಜವಾದ ಕೊರತೆ ಬೇರೆ ಕಡೆ ಇದೆ. ಅದು ಹಲ್ಲನ್ನು ಉಳಿಸುವ ಚಿಕಿತ್ಸೆಗಳನ್ನು ಮತ್ತು ಕೀವು ಹರಿಸುವುದನ್ನು ಮುಖ್ಯವಾಗಿ ಎಣಿಸುತ್ತದೆ. ಬೇರುನಾಳದ ಚಿಕಿತ್ಸೆಗೆ ಹಲವು ಸಲ ಬಂದು ಹೋಗಲು ಹಣವೂ ದಿನಗೂಲಿ ಬಿಡುವ ಅನುಕೂಲವೂ ಇಲ್ಲದ ಕಲ್ಲುಗಣಿಯ ಕೂಲಿಕಾರನಿಗೆ ಕೀಳಿಸುವುದೇ ದೊರೆಯುವ ಪರಿಹಾರ ಎಂಬುದು ಅದರ ದೃಷ್ಟಿಗೆ ಬೀಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಪ್ರತಿಜೀವಕಗಳ ಕೈಪಿಡಿ ಈ ಪ್ರದೇಶಕ್ಕೆ ಹೆಚ್ಚು ಹತ್ತಿರದ್ದು: ಹೆಚ್ಚಿನ ಹಲ್ಲಿನ ಸೋಂಕುಗಳಿಗೆ ಪ್ರತಿಜೀವಕ ಬೇಡ, ಬೇಕಾದಾಗ ಬರಿಯ ಅಮಾಕ್ಸಿಸಿಲಿನ್ ಸಾಕು, ಸೋಂಕಿನ ಮೂಲವನ್ನು ತೆಗೆದಿದ್ದರೆ ಮೂರೇ ದಿನ ಎಂಬುದು ಅದರ ನಿಲುವು.

ಹಾಗಾದರೆ ಬೇಕಾಗುವುದು ಯಾವಾಗ? ಸೋಂಕು ಹಲ್ಲಿನ ಬಳಿ ನಿಲ್ಲದೆ ಹೊರಟಿದೆ ಎಂಬ ಗುರುತು ಕಂಡಾಗ: ಜ್ವರ, ಸುಸ್ತು, ಎರಡು ಬೆರಳೂ ಹಿಡಿಸದಷ್ಟು ಬಿಗಿದ ಬಾಯಿ, ದವಡೆಯ ಕೆಳಅಂಚನ್ನು ದಾಟಿ ಕುತ್ತಿಗೆಯತ್ತ ಇಳಿದ ಅಥವಾ ಕಣ್ಣಿನತ್ತ ಏರಿದ ಬಾವು, ನುಂಗಲಾಗದೆ ಸುರಿಯುವ ಜೊಲ್ಲು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರಲ್ಲಿ ಮತ್ತು ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಈ ಗುರುತುಗಳಿಗಾಗಿ ಕಾಯುವುದೂ ಸಲ್ಲದು. ಕೆಳದವಡೆಯ ಎರಡನೆಯ ಮತ್ತು ಮೂರನೆಯ ದವಡೆಹಲ್ಲುಗಳ ಬೇರುಗಳು ಬಾಯಿಯ ನೆಲವನ್ನು ಹೊತ್ತ ಸ್ನಾಯುವಿನ ಕೆಳಗೆ ಚಾಚುವುದರಿಂದ ಅವುಗಳ ಕೀವು ನೇರವಾಗಿ ದವಡೆಯ ಕೆಳಗಿನ ಅವಕಾಶಕ್ಕೆ ಇಳಿಯುತ್ತದೆ. ಅಲ್ಲಿಂದ ಎರಡೂ ಬದಿಗೆ ಹರಡಿ ನಾಲಗೆಯನ್ನು ಮೇಲಕ್ಕೆತ್ತಿದರೆ, ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವರ್ಣಿಸಿದ, ಉಸಿರು ಕಟ್ಟಿಸಿ ಕೊಲ್ಲಬಲ್ಲ ಸ್ಥಿತಿ ಅದು. ಇಂಥ ರೋಗಿಯನ್ನು ಗುಳಿಗೆ ಕೊಟ್ಟು ಮನೆಗೆ ಕಳಿಸುವುದು ಅಪರಾಧಕ್ಕೆ ಸಮ. ಬಾದಾಮಿಯಿಂದಾಗಲಿ, ಹುನಗುಂದ ಮತ್ತು ಅಮೀನಗಡದ ಮೇಲೆ ಹಾದು ಇಳಕಲ್ಲಿನಿಂದಾಗಲಿ, ದಂತ ಮಹಾವಿದ್ಯಾಲಯವೂ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯೂ ಇರುವ ಬಾಗಲಕೋಟೆಗೆ ಅವನನ್ನು ಅದೇ ಗಳಿಗೆಯಲ್ಲಿ ಕಳಿಸಬೇಕು, ಬೇರೆಲ್ಲಕ್ಕಿಂತ ಮೊದಲು ಉಸಿರಿನ ದಾರಿಯನ್ನು ಕಾಪಾಡಬೇಕು, ರಕ್ತನಾಳದ ಮೂಲಕ ಪ್ರತಿಜೀವಕ ಕೊಡಬೇಕು. ಅಲ್ಲಿಯೂ ಕೊಯ್ದು ಹರಿಸುವುದು ಮತ್ತು ಕಾರಣವಾದ ಹಲ್ಲನ್ನು ತೆಗೆಯುವುದು ತಪ್ಪುವುದಿಲ್ಲ. ಎರಡು ಮೂರು ದಿನಗಳಲ್ಲಿ ಬಾವು ಇಳಿಯದಿದ್ದರೆ ಹೆಚ್ಚು ಬಲವಾದ ಔಷಧಕ್ಕೆ ಬದಲಾಯಿಸುವುದು ರೂಢಿ. ಆದರೆ ಅದಕ್ಕಿಂತ ಮುಂಚೆ ಸಿ.ಟಿ. ಚಿತ್ರ ತೆಗೆಸಿ ಹರಿಯದೆ ಉಳಿದ ಕೀವು ಯಾವ ಅವಕಾಶದಲ್ಲಿ ನಿಂತಿದೆ ಎಂದು ಹುಡುಕಬೇಕು, ಏಕೆಂದರೆ ಬಹಳ ಸಲ ಸೋತಿರುವುದು ಔಷಧವಲ್ಲ, ಕೊಯ್ತದ ಆಳ.